ಜ್ವರ ಬಂದಾಗ ರೋಜಾ: ಮಾತ್ರೆಯ ಹೊತ್ತು ಹೊಂದಿಸಬಹುದು, ನೀರನ್ನು ಅಲ್ಲ

ಪ್ರಶ್ನೆ: ನಮ್ಮ ಅಬ್ಬಾಗೆ 61 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮೊನ್ನೆ ರಾತ್ರಿಯಿಂದ 102 ಡಿಗ್ರಿ ಜ್ವರ, ಮೈಕೈ ನೋವು, ಒಣಕೆಮ್ಮು. ಪರೀಕ್ಷೆಯಲ್ಲಿ ಫ್ಲೂ ಎಂದು ಬಂತು. ಡಾಕ್ಟರು ಒಸೆಲ್ಟಾಮಿವಿರ್ 75 ದಿನಕ್ಕೆ ಎರಡು ಸಲ, ಪ್ಯಾರಸಿಟಮಾಲ್ 650 ಮೂರು ಸಲ ಬರೆದಿದ್ದಾರೆ. ಮೊದಲಿನಿಂದಲೂ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್ ಜತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ರೋಜಾ ಬಿಡಲು ಒಪ್ಪುತ್ತಿಲ್ಲ. "ಎಲ್ಲ ಮಾತ್ರೆಯನ್ನೂ ಸಹರಿ, ಇಫ್ತಾರ್‌ಗೆ ಹೊಂದಿಸಿಕೊಳ್ಳುತ್ತೇನೆ, ಸಹರಿಯಲ್ಲಿ ಎರಡು ಲೀಟರ್ ನೀರು ಕುಡಿಯುತ್ತೇನೆ, ಲಂಘನವೇ ಜ್ವರಕ್ಕೆ ಮದ್ದು" ಅನ್ನುತ್ತಾರೆ. ಇದು ಸಾಧ್ಯವೇ? ಮಾತ್ರೆಗಳ ಹೊತ್ತನ್ನು ಹೇಗೆ ಬದಲಿಸಬೇಕು?

ಉತ್ತರ: ಈಗಿನ ಸ್ಥಿತಿಯಲ್ಲಿ ಅವರು ಉಪವಾಸ ಇರಬಾರದು. ಇಂದಿನದನ್ನು ಹಿಡಿದಿದ್ದರೆ ಈಗಲೇ ಬಿಡಿಸಿ. ಹೀಗೆ ಹೇಳಲು ಜ್ವರವಾಗಲಿ ಫ್ಲೂ ಮಾತ್ರೆಯಾಗಲಿ ಮುಖ್ಯ ಕಾರಣವಲ್ಲ. ಅವರು ವರ್ಷಗಳಿಂದ ನುಂಗುತ್ತಿರುವ ಮೂರು ಮಾತ್ರೆಗಳೇ ಕಾರಣ. ನಿಮ್ಮ ಮನೆಯಲ್ಲಿ ಯಾರೂ ಅವುಗಳ ಮೇಲೆ ಕಣ್ಣಿಟ್ಟಂತಿಲ್ಲ, ಹಾಗಾಗಿ ಅಲ್ಲಿಗೆ ಬರುವ ಮುನ್ನ ಸುಲಭದ ವಿಷಯ ಮುಗಿಸೋಣ.

ಒಸೆಲ್ಟಾಮಿವಿರ್ ಮಟ್ಟಿಗೆ ನಿಮ್ಮ ತಂದೆಯವರ ಮಾತು ಸರಿ. ದಿನಕ್ಕೆ ಎರಡು ಸಲ ಎಂದರೆ ಗಡಿಯಾರ ನೋಡಿ ಸರಿಯಾಗಿ 12 ಗಂಟೆಗೊಮ್ಮೆ ನುಂಗಲೇಬೇಕು ಎಂದಲ್ಲ. ಬೆಳಗಿನ ಜಾವ 5ಕ್ಕೆ ಒಂದು, ಸಂಜೆ 6.40ಕ್ಕೆ ಒಂದು ತೆಗೆದುಕೊಂಡರೆ ನಡುವಿನ ಅಂತರ ಹಗಲಲ್ಲಿ ಹದಿಮೂರುವರೆ ಗಂಟೆ, ರಾತ್ರಿ ಹತ್ತು ಗಂಟೆ ಚಿಲ್ಲರೆ ಆಗುತ್ತದೆ. ಈ ಔಷಧ ದೇಹದಲ್ಲಿ ನಿಧಾನವಾಗಿ ಇಳಿಯುವುದರಿಂದ ಅಷ್ಟು ಹೆಚ್ಚುಕಡಿಮೆಯಿಂದ ತೊಂದರೆಯಿಲ್ಲ. ಊಟದ ಜತೆ ತೆಗೆದುಕೊಂಡರೆ ವಾಕರಿಕೆಯೂ ಕಡಿಮೆ. ಜ್ವರ ಶುರುವಾಗಿ 48 ಗಂಟೆಯೊಳಗೆ ಮೊದಲ ಮಾತ್ರೆ ಹೊಟ್ಟೆಗೆ ಹೋಗುವುದು ಇದರಲ್ಲಿ ತುಂಬ ಮುಖ್ಯ. ನೀವು ಬರೆದ ಪ್ರಕಾರ ಇನ್ನೂ ಆ ಅವಧಿಯೊಳಗೇ ಇದ್ದೀರಿ. ಆದ್ದರಿಂದ "ಇಫ್ತಾರ್ ಆದ ಮೇಲೆ ಶುರು ಮಾಡೋಣ" ಎಂದು ಮೊದಲ ಮಾತ್ರೆಯನ್ನು ಮುಂದೂಡಬೇಡಿ. ಮೂರನೇ ದಿನಕ್ಕೆ ಮೈ ಹಗುರವಾಯಿತೆಂದು ಐದು ದಿನದ ಕೋರ್ಸನ್ನು ಅರ್ಧಕ್ಕೆ ಬಿಡುವುದೂ ಬೇಡ. ಒಂದು ಎಚ್ಚರಿಕೆ ಮಾತ್ರ ಇದೆ. ಈ ಔಷಧ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಕಡಿಮೆ ಡೋಸ್ ಕೊಡುತ್ತೇವೆ. ತಂದೆಯವರ ಕ್ರಿಯಾಟಿನಿನ್ ವರದಿ ಮನೆಯಲ್ಲಿದ್ದರೆ ಡಾಕ್ಟರಿಗೆ ತೋರಿಸಿ.

ಪ್ಯಾರಸಿಟಮಾಲ್ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಅದರ ಕೆಲಸ ನಾಲ್ಕರಿಂದ ಆರು ಗಂಟೆ ಮಾತ್ರ. ಸಹರಿಗೆ ನುಂಗಿದ ಮಾತ್ರೆಯ ಪರಿಣಾಮ ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಮುಗಿದಿರುತ್ತದೆ. ಫ್ಲೂ ಜ್ವರ ಸಾಮಾನ್ಯವಾಗಿ ಏರುವುದು ಮಧ್ಯಾಹ್ನದ ನಂತರ. ಅಂದರೆ ಮಾತ್ರೆ ಬೇಕಾದ ಹೊತ್ತಿನಲ್ಲಿ ಅದು ಇರುವುದಿಲ್ಲ, ಮಲಗಿ ನಿದ್ದೆ ಮಾಡುವ ಹೊತ್ತಿನಲ್ಲಿ ಎರಡೆರಡು ಡೋಸ್ ಬೀಳುತ್ತವೆ. ಇದರಿಂದ ಪ್ರಾಣಕ್ಕೇನೂ ಅಪಾಯವಿಲ್ಲ, ಏಕೆಂದರೆ ಪ್ಯಾರಸಿಟಮಾಲ್ ಫ್ಲೂವನ್ನು ಗುಣಪಡಿಸುವುದಿಲ್ಲ, ಸಂಕಟ ಕಡಿಮೆ ಮಾಡುತ್ತದೆ ಅಷ್ಟೆ. ಅಪಾಯ ಬರುವುದು ಜನ ಕಂಡುಕೊಳ್ಳುವ ಉಪಾಯದಿಂದ: ಸಂಜೆಯವರೆಗೂ ಬರಲಿ ಎಂದು ಸಹರಿಯಲ್ಲಿ ಎರಡು ಮಾತ್ರೆ ಒಟ್ಟಿಗೆ ನುಂಗುತ್ತಾರೆ. 650ರ ಎರಡು ಮಾತ್ರೆ ಸೇರಿದರೆ 1300 ಮಿಲಿಗ್ರಾಂ. ಒಂದು ಹೊತ್ತಿಗೆ 1000 ಮೀರಬಾರದು. ಎರಡರಷ್ಟು ನುಂಗಿದರೆ ಎರಡರಷ್ಟು ಹೊತ್ತು ಕೆಲಸ ಮಾಡುವುದೂ ಇಲ್ಲ. ಇದರ ಮೇಲೆ ಅಂಗಡಿಯ ಶೀತದ ಮಾತ್ರೆ ಸೇರಿದರೆ ಲೆಕ್ಕವೇ ತಪ್ಪುತ್ತದೆ, ಅಂಥ ಬಹುತೇಕ ಮಾತ್ರೆಗಳ ಒಳಗೂ ಪ್ಯಾರಸಿಟಮಾಲ್ ಇರುತ್ತದೆ. ಜತೆಗೆ ಮೂಗು ಕಟ್ಟಿದ್ದಕ್ಕೆಂದು ಸೇರಿಸುವ ಫಿನೈಲ್‌ಎಫ್ರಿನ್ ಬಿಪಿ ಇರುವವರಿಗೆ ಒಳ್ಳೆಯದಲ್ಲ. ಹೊಟ್ಟೆಗೆ ಸರಿಯಾಗಿ ಆಹಾರ ಹೋಗದ ದಿನಗಳಲ್ಲಿ ಯಕೃತ್ತಿಗೆ ಈ ಔಷಧವನ್ನು ನಿಭಾಯಿಸುವ ಶಕ್ತಿಯೂ ಕುಗ್ಗಿರುತ್ತದೆ. ಅಂಥವರಿಗೆ ದಿನವೊಂದಕ್ಕೆ ಎಲ್ಲ ಸೇರಿ ಮೂರು ಗ್ರಾಂ ದಾಟದಂತೆ ನೋಡಿಕೊಳ್ಳಿ ಎನ್ನುತ್ತೇನೆ.

ಈಗ ನೀರು. ಸಹರಿಯಲ್ಲಿ ಎರಡು ಲೀಟರ್ ಕುಡಿದರೆ ಸಂಜೆಯವರೆಗೆ ಸಾಕಾಗುತ್ತದೆ ಎಂಬುದು ರಮ್ಜಾನ್ ತಿಂಗಳಲ್ಲಿ ನನಗೆ ತುಂಬ ಕೇಳಿಬರುವ ನಂಬಿಕೆ. ಹೊಟ್ಟೆ ಮನೆಯ ಮೇಲಿನ ಟ್ಯಾಂಕ್ ಅಲ್ಲ. ಒಮ್ಮೆಗೇ ಹೆಚ್ಚು ನೀರು ಬಂದರೆ ರಕ್ತ ತುಸು ತೆಳುವಾಗುತ್ತದೆ, ಮಿದುಳಿಗೆ ಅದು ಗೊತ್ತಾಗುತ್ತದೆ, ನೀರನ್ನು ಹಿಡಿದಿಡುವ ಹಾರ್ಮೋನನ್ನು ಅದು ತಡೆಯುತ್ತದೆ, ಮೂತ್ರಪಿಂಡ ಹೆಚ್ಚಾದ ನೀರನ್ನು ಹೊರಹಾಕುತ್ತದೆ. ಆ ನೀರಿನ ಹೆಚ್ಚಿನ ಪಾಲು ಮೂರು, ನಾಲ್ಕು ಗಂಟೆಯೊಳಗೆ ಶೌಚಾಲಯದ ಪಾಲಾಗುತ್ತದೆ. ಆರೋಗ್ಯವಂತರಿಗೆ ಇದರಿಂದ ಏನೂ ಆಗುವುದಿಲ್ಲ. ಹಗಲಿಡೀ ನೀರು ಕುಡಿಯದಿದ್ದರೆ ಅವರ ಮೂತ್ರಪಿಂಡ ಮಧ್ಯಾಹ್ನದಿಂದ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸಿಕೊಳ್ಳುತ್ತದೆ, ಇಫ್ತಾರ್ ನಂತರ ಕೊರತೆ ತುಂಬಿಕೊಳ್ಳುತ್ತದೆ. ತಿಂಗಳುಗಟ್ಟಲೆ ರೋಜಾ ಮಾಡಿಯೂ ಕೋಟ್ಯಂತರ ಜನ ಚೆನ್ನಾಗಿರುವುದು ಈ ವ್ಯವಸ್ಥೆಯಿಂದಲೇ.

ಜ್ವರದಲ್ಲಿ ಲೆಕ್ಕ ಎಷ್ಟು ಬದಲಾಗುತ್ತದೆ? ಜನ ಅಂದುಕೊಳ್ಳುವಷ್ಟು ನೀರೇನೂ ಜ್ವರದ ಕಾವಿಗೆ ಆರಿಹೋಗುವುದಿಲ್ಲ. ಉಸಿರು ಮತ್ತು ಚರ್ಮದ ಮೂಲಕ ನಮಗೆ ತಿಳಿಯದಂತೆ ದಿನಕ್ಕೆ 700ರಿಂದ 800 ಮಿಲಿಲೀಟರ್ ನೀರು ಹೋಗುತ್ತದೆ. 102 ಡಿಗ್ರಿ ಜ್ವರದಲ್ಲಿ ಅದು ಕಾಲು ಪಾಲಿನಷ್ಟು ಹೆಚ್ಚುತ್ತದೆ. ಉಪವಾಸದ ಹದಿಮೂರುವರೆ ಗಂಟೆಗೆ ಸುಮಾರು ಅರ್ಧ ಲೀಟರ್ ಎನ್ನಿ. ಮಾತ್ರೆ ಕೆಲಸ ಮಾಡಿ ಜ್ವರ ಇಳಿಯುವಾಗ ಬನಿಯನ್ ಒದ್ದೆಯಾಗುವಷ್ಟು ಬೆವರಿದರೆ ಇನ್ನೊಂದು ಅರ್ಧ ಲೀಟರ್ ಹೋಗಬಹುದು. ಮೂತ್ರದ್ದು ಬೇರೆ. ಎಲ್ಲ ಸೇರಿದರೆ ಒಂದೂವರೆ ಲೀಟರಿನ ಆಸುಪಾಸು, ಒರಟು ಲೆಕ್ಕದಲ್ಲಿ. ವಯಸ್ಸು ಮೂವತ್ತು, ಬೇರೆ ಕಾಯಿಲೆಯಿಲ್ಲ, ಜ್ವರ 100ರೊಳಗೆ, ಮನೆಯಲ್ಲೇ ಮಲಗಿದ್ದಾರೆ ಎಂದಾದರೆ ಇಷ್ಟನ್ನು ದೇಹ ಒಂದು ದಿನದ ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಸುಸ್ತು, ತಲೆನೋವು ಜಾಸ್ತಿಯಾಗುತ್ತವೆ. ಅಂಥವರಿಗೂ ನಾನು ಉಪವಾಸ ಬೇಡ ಎಂದೇ ಹೇಳುತ್ತೇನೆ, ಆದರೆ ಹೆದರಿಸುವುದಿಲ್ಲ.

ನಿಮ್ಮ ತಂದೆಯವರ ವಿಷಯದಲ್ಲಿ ಹೆದರುತ್ತೇನೆ. ನೀರು ಉಳಿಸಿಕೊಳ್ಳುವ ಆ ವ್ಯವಸ್ಥೆಯ ಕೈಕಾಲುಗಳನ್ನು ಅವರ ಮಾತ್ರೆಗಳು ಕಟ್ಟಿಹಾಕಿವೆ.

ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ ಕೆಲಸ ಮಾಡುವ ಔಷಧ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ, ದಿನಕ್ಕೆ ಹೆಚ್ಚುವರಿ ಮುನ್ನೂರು, ನಾನೂರು ಮಿಲಿಲೀಟರ್. ಅವರು ಹನಿ ನೀರು ಕುಡಿಯದಿದ್ದರೂ ಇದು ನಿಲ್ಲುವುದಿಲ್ಲ. ನೀರಿಗಿಂತ ದೊಡ್ಡ ಚಿಂತೆ ಕೀಟೋನ್. ಊಟವಿಲ್ಲ, ಜ್ವರ ಇದೆ, ಇದ್ದ ಸಕ್ಕರೆಯೂ ಮೂತ್ರದಲ್ಲಿ ಹೋಗುತ್ತಿದೆ ಎಂದಾಗ ದೇಹ ಕೊಬ್ಬನ್ನು ಕರಗಿಸಲು ತೊಡಗುತ್ತದೆ. ಆಗ ಹುಟ್ಟುವ ಕೀಟೋನುಗಳು ರಕ್ತವನ್ನು ಆಮ್ಲೀಯವಾಗಿಸಬಹುದು. ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ ಸಕ್ಕರೆ ನಾನೂರು, ಐನೂರು ತೋರಿಸಿ ಮನೆಯವರನ್ನು ಎಚ್ಚರಿಸುತ್ತದೆ. ಈ ಔಷಧ ತೆಗೆದುಕೊಳ್ಳುವವರಲ್ಲಿ ಮೀಟರ್ 180, 200 ಎಂದಷ್ಟೇ ತೋರಿಸಬಹುದು. "ಶುಗರ್ ಚೆನ್ನಾಗೇ ಇದೆಯಲ್ಲ" ಎಂದು ಮನೆಯವರು ಸುಮ್ಮನಿರುತ್ತಾರೆ. ವಾಕರಿಕೆ, ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು ಬಂದರೆ ಫ್ಲೂನದ್ದೇ ಇರಬೇಕು ಅಂದುಕೊಳ್ಳುತ್ತಾರೆ. ಆಸ್ಪತ್ರೆಗೆ ಹೋಗುವ ಸಂದರ್ಭ ಬಂದರೆ ನೀವು ಬಾಯಿಬಿಡಬೇಕಾದ ಮೊದಲ ಮಾತು "ಇವರು ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ" ಎಂಬುದು. ಕೀಟೋನ್ ನೋಡಲು ಅವರಿಗೆ ಆಗ ಹೊಳೆಯುತ್ತದೆ. ಇಂದು ಬೆಳಗ್ಗೆ ಈ ಮಾತ್ರೆ ನಿಲ್ಲಿಸಿದರೂ ಅದರ ಪ್ರಭಾವ ಒಂದೆರಡು ದಿನ ಉಳಿದಿರುತ್ತದೆ. ಹಾಗಾಗಿ "ಮಾತ್ರೆ ಬಿಟ್ಟೆ, ರೋಜಾ ಇರುತ್ತೇನೆ" ಎನ್ನುವ ಒಪ್ಪಂದಕ್ಕೂ ಅವಕಾಶವಿಲ್ಲ.

ಬಿಪಿ ಮಾತ್ರೆಯಲ್ಲಿ ಎರಡು ಔಷಧಗಳಿವೆ. ಹೈಡ್ರೋಕ್ಲೋರೋಥಯಾಜೈಡ್ ಉಪ್ಪು, ನೀರು ಎರಡನ್ನೂ ಮೂತ್ರಕ್ಕೆ ತಳ್ಳುತ್ತದೆ. ಟೆಲ್ಮಿಸಾರ್ಟನ್ ಮಾಡುವ ಕೆಲಸ ಸ್ವಲ್ಪ ಬೇರೆ: ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡದೊಳಗಿನ ಒತ್ತಡವನ್ನು ಕಾಪಾಡುವ ಒಂದು ತುರ್ತು ಏರ್ಪಾಡು ಇದೆ, ಅದನ್ನು ಈ ಔಷಧ ಸಡಿಲಿಸುತ್ತದೆ. ಮಾಮೂಲಿ ದಿನಗಳಲ್ಲಿ ಇದೇ ಗುಣ ಮೂತ್ರಪಿಂಡವನ್ನು ರಕ್ಷಿಸುತ್ತದೆ, ನೀರು ಬತ್ತಿದ ದಿನ ಅದೇ ಮುಳುವಾಗುತ್ತದೆ. ಇವೆರಡರ ಮೇಲೆ ಮೈಕೈ ನೋವಿಗೆಂದು ಯಾರಾದರೂ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಥವಾ ಮೆಫೆನಾಮಿಕ್ ಆಸಿಡ್ ಕೊಟ್ಟರೆ ಮೂತ್ರಪಿಂಡಕ್ಕೆ ಬರುವ ರಕ್ತದ ಹರಿವೂ ತಗ್ಗುತ್ತದೆ. ಮೂರೂ ಸೇರಿದ ಇಂಥ ರೋಗಿಗಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಕಥೆ ಹೆಚ್ಚುಕಡಿಮೆ ಒಂದೇ ಇರುತ್ತದೆ: ಎರಡು ದಿನ ಜ್ವರದಲ್ಲೇ ಉಪವಾಸ, ಸಂಬಂಧಿಕರು ಕೊಟ್ಟ ನೋವಿನ ಮಾತ್ರೆ, ಮೂರನೇ ದಿನ ತರಾವೀಹ್ ನಮಾಜಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದದ್ದು, ಕ್ರಿಯಾಟಿನಿನ್ ಏರಿದ್ದು. ಹೆಚ್ಚಿನವರದು ಡ್ರಿಪ್ ಹಾಕಿದ ಮೇಲೆ ಸರಿಹೋಗುತ್ತದೆ, ಕೆಲವರದು ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ಆದ್ದರಿಂದ ಮನೆಯಲ್ಲಿ ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಕೊಡಬೇಡಿ.

ಮೆಟ್‌ಫಾರ್ಮಿನ್ ತಾನಾಗಿ ಮೂತ್ರಪಿಂಡಕ್ಕೆ ಹಾನಿ ಮಾಡುವುದಿಲ್ಲ. ಮೂತ್ರಪಿಂಡ ಸೋತಾಗ ಅದು ಹೊರಹೋಗದೆ ದೇಹದಲ್ಲಿ ಉಳಿಯುತ್ತದೆ, ತೀರಾ ಅಪರೂಪಕ್ಕೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುವ ಗಂಭೀರ ಸ್ಥಿತಿ ಬರುತ್ತದೆ.

ಹಾಗಾಗಿ ಮಾಡಬೇಕಾದ್ದು ಇದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಫ್ಲೂ ಬಂದಿದೆ, ಊಟ ಸೇರುತ್ತಿಲ್ಲ ಎಂದು ಹೇಳಿ, "ಸಕ್ಕರೆಯ ಎರಡು ಮಾತ್ರೆ ಮತ್ತು ಬಿಪಿ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಬೇಕೇ" ಎಂದು ಹೆಸರು ಹಿಡಿದು ಕೇಳಿ. ನಾನಾಗಿದ್ದರೆ ಡಾಪಾಗ್ಲಿಫ್ಲೋಜಿನ್ ತಕ್ಷಣ ನಿಲ್ಲಿಸುತ್ತೇನೆ. ವಾಂತಿ, ಭೇದಿ ಇದ್ದರೆ ಅಥವಾ ಸರಿಯಾಗಿ ಕುಡಿಯಲು ಆಗದಿದ್ದರೆ ಮೆಟ್‌ಫಾರ್ಮಿನ್ ಮತ್ತು ಬಿಪಿ ಮಾತ್ರೆಯನ್ನೂ ತಡೆಯುತ್ತೇನೆ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಆ ಅಂಕಿ ನಿರ್ಧಾರಕ್ಕೆ ನೆರವಾಗುತ್ತದೆ. ಒಂದು ಅಥವಾ ಎರಡು ದಿನ ಮೊದಲಿನಂತೆ ಉಂಡು ಕುಡಿದ ಮೇಲೆ ಮತ್ತೆ ಶುರು. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಎಲ್ಲ ಮಾತ್ರೆಗಳಿಗೂ ಈ ನಿಯಮ ಹಚ್ಚಬೇಡಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ, ಸ್ಟೆರಾಯ್ಡ್, ಸ್ಟೆಂಟ್ ಹಾಕಿದವರ ರಕ್ತ ತೆಳು ಮಾಡುವ ಮಾತ್ರೆ ಇವನ್ನು ಜ್ವರದ ನೆಪದಲ್ಲಿ ನಿಲ್ಲಿಸುವಂತಿಲ್ಲ. ಇನ್ಸುಲಿನ್ ಡೋಸ್ ಜ್ವರದಲ್ಲಿ ಎಷ್ಟೋ ಸಲ ಹೆಚ್ಚು ಬೇಕಾಗುತ್ತದೆ.

ಲಂಘನದ ಮಾತಿಗೆ ಬರುತ್ತೇನೆ. "ಲಂಘನಂ ಪರಮೌಷಧಂ" ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು, ಅದರಲ್ಲಿ ಅರ್ಧ ಸತ್ಯ ಇದೆ. ಫ್ಲೂನಲ್ಲಿ ಹಸಿವು ಸಾಯುವುದು ಸಹಜ, ಎರಡು ಮೂರು ದಿನ ಕಡಿಮೆ ಉಂಡರೆ ಏನೂ ಆಗದು, ಬಲವಂತವಾಗಿ ತುರುಕುವ ಅಗತ್ಯವಿಲ್ಲ. ಆದರೆ ಆಯುರ್ವೇದದ ಲಂಘನದಲ್ಲೂ ಜ್ವರದವರಿಗೆ ಬಿಸಿನೀರು ಕೊಡುತ್ತಾರೆ, ಬಾಯಾರಿಕೆಗೆಂದೇ ಮೂಲಿಕೆ ಹಾಕಿ ಕುದಿಸಿದ ನೀರು ಹೇಳಿದ್ದಾರೆ. ಊಟ ಬಿಡುವುದು ಒಂದು, ನೀರು ಬಿಡುವುದು ಇನ್ನೊಂದು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಆದ್ದರಿಂದ "ನನಗೆ ಬಾಯಾರಿಕೆಯೇ ಇಲ್ಲ" ಎಂಬ ಅವರ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಉಪವಾಸ ಬಿಟ್ಟ ದಿನ ಎಷ್ಟು ಕುಡಿಸಬೇಕು? ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರಲ್ಲದಿದ್ದರೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್, ಎಲ್ಲ ಪಾನೀಯ ಸೇರಿ. ಲೋಟಗಟ್ಟಲೆ ಒಮ್ಮೆಗೇ ಕೊಟ್ಟರೆ ವಾಂತಿಯಾದೀತು. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಂದು ಸಣ್ಣ ಲೋಟ, ಗುಟುಕು ಗುಟುಕಾಗಿ. ತುಂಬ ಬೆವರಿದರೆ ಅಥವಾ ಭೇದಿಯಿದ್ದರೆ ಅದರಲ್ಲಿ ಒಂದು ಲೀಟರ್ ಓಆರ್‌ಎಸ್ ಇರಲಿ, ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಅರ್ಧ ಲೀಟರಿಗೇ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ ಕೊಡುತ್ತದೆ. ಸಕ್ಕರೆ ಕಾಯಿಲೆಯವರು ಓಆರ್‌ಎಸ್‌ಗೆ ಹೆದರುತ್ತಾರೆ. ಲೀಟರಿನಲ್ಲಿರುವ ಗ್ಲುಕೋಸ್ ಹದಿಮೂರುವರೆ ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು, ಅದೂ ದಿನವಿಡೀ ಹಂಚಿ ಕುಡಿಯುವಾಗ. ಸಕ್ಕರೆ ನೋಡಿಕೊಂಡು ಧಾರಾಳವಾಗಿ ಕೊಡಬಹುದು. ಓಆರ್‌ಎಸ್ ಎಂದೇ ತೋರುವ ಸಿಹಿ ಪೆಟ್ಟಿಗೆ ಪಾನೀಯಗಳು ಬೇರೆ, ಅವು ಬೇಡ.

ಕೆಲವರು ಇನ್ನೊಂದು ದಾರಿ ಕೇಳುತ್ತಾರೆ: ಹಗಲು ಕ್ಲಿನಿಕ್ಕಿಗೆ ಬಂದು ಒಂದು ಬಾಟಲಿ ಡ್ರಿಪ್ ಹಾಕಿಸಿಕೊಂಡರೆ ರೋಜಾ ಉಳಿಯುತ್ತದಲ್ಲ ಎಂದು. ಉಳಿಯುತ್ತದೆಯೋ ಇಲ್ಲವೋ ಆಲಿಮರು ಹೇಳಬೇಕು. ವೈದ್ಯನಾಗಿ ಹೇಳುವುದಾದರೆ, ಬಾಯಲ್ಲಿ ಕುಡಿಯಬಲ್ಲವರಿಗೆ ಅರ್ಧ ಲೀಟರ್ ಡ್ರಿಪ್‌ನಿಂದ ಎರಡು ಲೋಟ ಪಾನೀಯಕ್ಕಿಂತ ಹೆಚ್ಚಿನದೇನೂ ಸಿಗುವುದಿಲ್ಲ, ಕೀಟೋನ್ ಅಪಾಯವೂ ಅದರಿಂದ ತಪ್ಪುವುದಿಲ್ಲ. ಮನೆ ತಲುಪುವ ಹೊತ್ತಿಗೆ ಮತ್ತೆ ಅದೇ ಸ್ಥಿತಿ.

ಧರ್ಮದ ವಿಷಯದಲ್ಲಿ ನಾನು ತೀರ್ಪು ಕೊಡುವವನಲ್ಲ. ಆದರೆ ಕಾಯಿಲೆಯವರು ಬೇರೆ ದಿನಗಳಲ್ಲಿ ಆ ಲೆಕ್ಕ ತುಂಬಿಸಬಹುದು ಎಂದು ಕುರ್‌ಆನಿನ ಎರಡನೇ ಅಧ್ಯಾಯದ 184, 185ನೇ ವಚನಗಳೇ ಹೇಳುತ್ತವೆ ಎಂಬುದು ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಗನ ಮಾತು, ಡಾಕ್ಟರ ಮಾತು ಎರಡನ್ನೂ ಕೇಳದ ಹಿರಿಯರು ತಮ್ಮ ಮಸೀದಿಯ ಇಮಾಮರ ಒಂದು ಫೋನಿಗೆ ಒಪ್ಪಿದ್ದನ್ನು ನೋಡಿದ್ದೇನೆ. ಅವರಿಂದಲೇ ಹೇಳಿಸಿ. ಕಜಾ ರೋಜಾಗಳನ್ನು ಡಿಸೆಂಬರಿನ ಸಣ್ಣ ಹಗಲುಗಳಲ್ಲಿ ಇಡಬಹುದು ಎಂಬುದನ್ನೂ ನೆನಪಿಸಿ.

ಇಷ್ಟಾದರೂ ಕೇಳದಿದ್ದರೆ? ಕೋಣೆಗೆ ಬೀಗ ಹಾಕಲು ಬರುವುದಿಲ್ಲ. ಆಗ ಉಪವಾಸ ಮುರಿಯುವ ಗೆರೆಯನ್ನು ಮುಂಚೆಯೇ ಅವರ ಬಾಯಿಂದ ಒಪ್ಪಿಸಿಕೊಳ್ಳಿ. ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಇಫ್ತಾರಿಗೆ ಒಂದು ಗಂಟೆ ಮುಂಚೆ ಸಕ್ಕರೆ ನೋಡಿ. ಬೆರಳಿಗೆ ಚುಚ್ಚಿ ನೋಡುವುದರಿಂದ ರೋಜಾ ಮುರಿಯದು ಎಂದು ಬಹುತೇಕ ಆಲಿಮರು ಒಪ್ಪಿದ್ದಾರೆ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಬಂದರೆ ಆ ಕ್ಷಣ ಬಿಡಬೇಕು, ಇಫ್ತಾರಿಗೆ ಹತ್ತೇ ನಿಮಿಷ ಇದ್ದರೂ. ಅಂಕಿ ಸರಿಯಾಗಿದ್ದೂ ಒಂದು ಸಲ ವಾಂತಿಯಾದರೆ, ಎದ್ದು ನಿಂತಾಗ ತಲೆ ತಿರುಗಿದರೆ, ಎಂಟು ಗಂಟೆ ಮೂತ್ರ ಹೋಗದಿದ್ದರೆ ಬಿಡಬೇಕು. ಮೂತ್ರದ ಬಣ್ಣ ಎಲ್ಲರಿಗೂ ನೆರವಾಗುತ್ತದೆ, ಇವರ ವಿಷಯದಲ್ಲಿ ಅದನ್ನು ನಂಬಬೇಡಿ. ಡಾಪಾಗ್ಲಿಫ್ಲೋಜಿನ್ ಮತ್ತು ನೀರು ಇಳಿಸುವ ಮಾತ್ರೆ ಇದ್ದಾಗ ದೇಹ ಒಣಗಿದ್ದರೂ ಮೂತ್ರ ತಿಳಿಯಾಗಿಯೇ ಹೋಗಬಹುದು. ಈ ಗೆರೆಗಳಿಂದ ಅನಾಹುತ ಬೇಗ ಗೊತ್ತಾಗುತ್ತದೆ, ಅನಾಹುತವೇ ತಪ್ಪುತ್ತದೆ ಎಂದು ಭರವಸೆ ಕೊಡಲಾರೆ.

ಮಾತು ತೊದಲಿದರೆ ಅಥವಾ ಗೊಂದಲ ಕಂಡರೆ, ಮಾತನಾಡುವಾಗ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಬೆರಳಿನ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಫೋನ್ ಮಾಡುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮತ್ತೆ ರೋಜಾ ಯಾವಾಗ? ಫ್ಲೂ ಜ್ವರ ಸಾಮಾನ್ಯವಾಗಿ ಮೂರು, ನಾಲ್ಕು ದಿನಕ್ಕೆ ಇಳಿಯುತ್ತದೆ. ಪ್ಯಾರಸಿಟಮಾಲ್ ಇಲ್ಲದೆಯೇ ಪೂರ್ತಿ ಎರಡು ದಿನ ಜ್ವರ ಬಾರದೆ, ಊಟ ಮೊದಲಿನಂತಾಗಿ, ನಿಲ್ಲಿಸಿದ ಮಾತ್ರೆಗಳು ಮತ್ತೆ ಶುರುವಾಗಿ ಸಕ್ಕರೆ ಒಂದು ಹದಕ್ಕೆ ಬಂದಿದ್ದರೆ ಡಾಕ್ಟರನ್ನು ಕೇಳಿ ಹಿಡಿಯಬಹುದು. ಆಗ ಡಾಪಾಗ್ಲಿಫ್ಲೋಜಿನ್ ಸಹರಿಗೆ ಬೇಡ, ಇಫ್ತಾರ್ ಹೊತ್ತಿಗೆ ಬದಲಿಸಲು ಕೇಳಿ, ರಾತ್ರಿಯಿಡೀ ನೀರು ಕುಡಿಯಲು ಅವಕಾಶ ಇರುತ್ತದೆ. ಬಿಪಿ ಮಾತ್ರೆಗೂ ಅದೇ ಹೊತ್ತು ಆಗಬಹುದೇ ಎಂದು ವಿಚಾರಿಸಿ. ಕೆಮ್ಮು ಎರಡು ವಾರ ಉಳಿಯಬಹುದು, ಅದಕ್ಕಾಗಿ ಕಾಯಬೇಕಿಲ್ಲ. ಆದರೆ ಜ್ವರ ಬಿಟ್ಟು ಒಂದೆರಡು ದಿನ ಚೆನ್ನಾಗಿದ್ದು ಮತ್ತೆ ಚಳಿಜ್ವರ ಹತ್ತಿ ಕಫ ಬಣ್ಣ ತಿರುಗಿದರೆ ಅದು ಫ್ಲೂನ ಬಾಲವಲ್ಲ, ನ್ಯುಮೋನಿಯಾ ಇರಬಹುದು. ಎದೆಯ ಎಕ್ಸ್‌ರೇ ಆಗುವವರೆಗೆ ರೋಜಾ ಮಾತು ಎತ್ತಬೇಡಿ.